ನೀರುಗಂಟಿಯ ಅನಾರೋಗ್ಯ ರಜೆ: ಬೆಳಗಿನ ಸಂದೇಶದಲ್ಲಿ ಏನಿರಬೇಕು?

ಗ್ರಾಮ ಪಂಚಾಯಿತಿಯ ಸಿಬ್ಬಂದಿ ಅನಾರೋಗ್ಯದಿಂದ ಒಂದು ದಿನ ಬಾರದಿದ್ದರೆ ಕಚೇರಿಯ ಹಲವು ಕೆಲಸಗಳು ಮರುದಿನಕ್ಕೆ ಮುಂದೂಡಲ್ಪಡುತ್ತವೆ. ನೀರುಗಂಟಿಯ ಕೆಲಸವನ್ನು ಹಾಗೆ ಮುಂದೂಡಲಾಗದು. ಮೂರು ಫೇಸ್ ವಿದ್ಯುತ್ ಇರುವ ಅವಧಿಯಲ್ಲಿಯೇ ಮೋಟಾರು ಚಾಲನೆಯಾಗಿ ಮೇಲ್ತೊಟ್ಟಿ ತುಂಬಬೇಕು. ಆ ಅವಧಿ ತಪ್ಪಿದರೆ ಅಂದು ನೀರಿಲ್ಲ. ತೊಟ್ಟಿ ತುಂಬಿಯೂ ಕ್ಲೋರಿನೀಕರಣ ತಪ್ಪಿದರೆ ಶುದ್ಧೀಕರಿಸದ ನೀರು ಮನೆಗಳನ್ನು ಸೇರುತ್ತದೆ. ಆದ್ದರಿಂದ ನೀರುಗಂಟಿಯು ಬೆಳಿಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಕಳುಹಿಸುವ ಸಂದೇಶವು ರಜೆಯ ಕೋರಿಕೆಯೂ ಹೌದು, ಕೆಲಸದ ಹಸ್ತಾಂತರವೂ ಹೌದು.

ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರದಂತಹ, ಹೆದ್ದಾರಿಗೆ ಹೊಂದಿಕೊಂಡ ಊರನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಶಾಲೆಯ ಬಳಿ 50,000 ಲೀಟರ್ ಮೇಲ್ತೊಟ್ಟಿ ಇದೆ. ನೀರುಗಂಟಿಗೆ ರಾತ್ರಿಯಿಂದ ವಾಂತಿಭೇದಿ. ಬೆಳಿಗ್ಗೆ 5.30ಕ್ಕೆ "ಸಾರ್, ಹುಷಾರಿಲ್ಲ, ಇವತ್ತು ಬರಲ್ಲ" ಎಂದಷ್ಟೇ ವಾಟ್ಸಾಪ್ ಗುಂಪಿಗೆ ಬರೆದರೆ, ತೊಟ್ಟಿ ತುಂಬಿದೆಯೇ, ಬೀಗದ ಕೈ ಎಲ್ಲಿದೆ, ಯಾರು ಹೋಗಬೇಕು ಎಂಬುದು ಯಾರಿಗೂ ತಿಳಿಯದು. ಗುಂಪಿನಲ್ಲಿ ಹತ್ತು ಮಂದಿ ಓದಿದರೂ, ಬೇರೊಬ್ಬರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ಭಾವಿಸುವುದು ಸಹಜ.

ಅದೇ ಸಂದೇಶವನ್ನು ಅಧಿಕಾರಿಗೆ ನೇರವಾಗಿ ಹೀಗೆ ಬರೆಯಬಹುದು:

"ಮಾನ್ಯರೇ, ರಾತ್ರಿಯಿಂದ ವಾಂತಿಭೇದಿ ಇರುವುದರಿಂದ ಇಂದು ಕೆಲಸಕ್ಕೆ ಬರಲಾಗುತ್ತಿಲ್ಲ. ಶಾಲೆ ಬಳಿಯ ಟ್ಯಾಂಕ್ ಅರ್ಧ ಖಾಲಿ ಇದ್ದು, 6 ಗಂಟೆಗೆ ಮೋಟಾರ್ ಹಾಕಬೇಕು. ಇಂದಿನ ಬ್ಲೀಚಿಂಗ್ ಇನ್ನೂ ಹಾಕಿಲ್ಲ. ಮೇಲಿನ ಬೀದಿಯ ನೀರುಗಂಟಿಯವರಿಗೆ ಫೋನ್ ಮಾಡಿದ್ದೇನೆ, ಬರಲು ಒಪ್ಪಿದ್ದಾರೆ. ಪಂಪ್‌ಹೌಸ್ ಕೀ ನಮ್ಮ ಮನೆಯಲ್ಲಿದೆ. ನಾಳೆ ಬರುವ ವಿಷಯ ಸಂಜೆ 5ಕ್ಕೆ ತಿಳಿಸುತ್ತೇನೆ."

ಇದರಲ್ಲಿ ವಿವರಣೆಯಾಗಲಿ ಕ್ಷಮೆಯಾಚನೆಯಾಗಲಿ ಇಲ್ಲ. ಬಾಕಿ ಇರುವ ಕೆಲಸ, ಅದರ ಸಮಯ, ಒಪ್ಪಿಕೊಂಡ ವ್ಯಕ್ತಿ ಮತ್ತು ಕೀ ಇರುವ ಸ್ಥಳ ಮಾತ್ರ ಇವೆ. "ಒಪ್ಪಿದ್ದಾರೆ" ಎಂಬ ಪದವೇ ಇಲ್ಲಿ ಮುಖ್ಯ. ಸಂದೇಶ ಓದಿದ ಗುರುತು ಒಪ್ಪಿಗೆಯಲ್ಲ. ಫೋನಿನಲ್ಲಿ ಮಾತನಾಡಿಯೇ ಒಪ್ಪಿಗೆ ಪಡೆಯಬೇಕು. ಅಧಿಕಾರಿಯಿಂದ ಕಾಲು ಗಂಟೆಯೊಳಗೆ ಉತ್ತರ ಬಾರದಿದ್ದರೆ ಅವರಿಗೂ ಕರೆ ಮಾಡಬೇಕು. ನೀರುಗಂಟಿಗೆ ಮಾತನಾಡಲೂ ಆಗದಿದ್ದಲ್ಲಿ ಮನೆಯವರು ಕರೆ ಮಾಡಿದರೆ ಸಾಕು.

"ಬ್ಲೀಚಿಂಗ್ ಇನ್ನೂ ಹಾಕಿಲ್ಲ" ಎಂಬ ವಾಕ್ಯವನ್ನು ಬಿಡುವಂತಿಲ್ಲ. ಪುಡಿಯಲ್ಲಿ ಶೇ. 25ರಷ್ಟು ಕ್ಲೋರಿನ್ ಇದ್ದರೆ, ಪ್ರತಿ ಲೀಟರ್ ನೀರಿಗೆ 1 ಮಿಲಿಗ್ರಾಂ ಕ್ಲೋರಿನ್ ದೊರೆಯಲು ತುಂಬಿದ 50,000 ಲೀಟರ್ ತೊಟ್ಟಿಗೆ 200 ಗ್ರಾಂ ಪುಡಿ ಬೇಕು. ಈಗಾಗಲೇ ಹಾಕಿರುವುದು ತಿಳಿಯದೆ ಬದಲಿ ವ್ಯಕ್ತಿ ಮತ್ತೆ ಹಾಕಿದರೆ ಪ್ರಮಾಣ ದುಪ್ಪಟ್ಟಾಗಿ, ವಾಸನೆಯ ಕಾರಣದಿಂದ ಜನರು ಆ ನೀರನ್ನು ಬಿಟ್ಟು ಬೇರೆ ನೀರಿಗೆ ಹೋಗುತ್ತಾರೆ. ಹಾಕಿದ್ದಾರೆಂದು ಭಾವಿಸಿ ಬಿಟ್ಟರೆ ಸೋಂಕಿನ ಅಪಾಯವಿದೆ. ಕೆಲಸ ಸರಿಯಾಗಿ ನಡೆದಿದೆಯೇ ಎಂಬುದನ್ನು ತಿಳಿಯಲು, ಪುಡಿಯ ದ್ರಾವಣ ಹಾಕಿ ಅರ್ಧ ಗಂಟೆ ಬಿಟ್ಟು ನೀರು ಹರಿಸಿ, ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷಿಸಬೇಕು. ಅಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

ಸಾಮಾನ್ಯವಾಗಿ ಕಾಯಿಲೆಯ ವಿವರವನ್ನು ಬರೆಯುವ ಅಗತ್ಯವಿಲ್ಲ. "ಅನಾರೋಗ್ಯ" ಎಂದರೆ ಸಾಕು. ಆದರೆ ವಾಂತಿಭೇದಿಯನ್ನು ನೀರುಗಂಟಿ ಹೇಳಲೇಬೇಕು. ಅಂತಹ ಸ್ಥಿತಿಯಲ್ಲಿ ಅವರು ತೊಟ್ಟಿ ಹತ್ತುವುದು ನೀರಿಗೆ ಅಪಾಯ. ಅಲ್ಲದೆ ಅದೇ ಬೀದಿಯ ಇತರರಿಗೂ ವಾಂತಿಭೇದಿ ಇದ್ದರೆ ಕೊಳವೆ ಸೋರಿಕೆಯ ಮೂಲಕ ಚರಂಡಿ ನೀರು ಬೆರೆತಿರುವ ಸಾಧ್ಯತೆ ಇರುತ್ತದೆ. ಸಂದೇಶ ಪಡೆದ ಅಧಿಕಾರಿಯು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಬೇರೆ ಪ್ರಕರಣಗಳಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಸಾಲಿನ ನೀರು ಬಿಡುವುದನ್ನು ನಿಲ್ಲಿಸಬೇಕಾಗುತ್ತದೆ.

ಈ ಸಂದೇಶದಿಂದಲೇ ರಜೆ ಮಂಜೂರಾಗುವುದಿಲ್ಲ. ರಜೆ ಅರ್ಜಿ, ಅಗತ್ಯವಿದ್ದಲ್ಲಿ ವೈದ್ಯಕೀಯ ಪ್ರಮಾಣಪತ್ರವನ್ನು ಗುಣವಾದ ನಂತರ ಸಲ್ಲಿಸಬಹುದು. ಬೆಳಿಗ್ಗೆಯೇ ಪ್ರಮಾಣಪತ್ರ ಕೇಳಿದರೆ, ಸಿಬ್ಬಂದಿ ತಿಳಿಸದೆಯೇ ಗೈರಾಗುವ ಅಥವಾ ಕಾಯಿಲೆಯಲ್ಲಿಯೇ ತೊಟ್ಟಿ ಹತ್ತುವ ಸಂಭವವಿದೆ.

ಹಸ್ತಾಂತರಿಸಲು ಎರಡನೆಯ ವ್ಯಕ್ತಿಯೇ ಇಲ್ಲದ ಊರಿನಲ್ಲಿ ಎಷ್ಟು ಚೆನ್ನಾಗಿ ಬರೆದ ಸಂದೇಶವೂ ನಿರರ್ಥಕ. ಪ್ರತಿ ತೊಟ್ಟಿಗೆ ಒಬ್ಬ ಬದಲಿ ವ್ಯಕ್ತಿಯನ್ನು ಗೊತ್ತುಪಡಿಸಿ, ಅವರಿಗೆ ಎರಡನೆಯ ಕೀ ನೀಡಿ, ಬ್ಲೀಚಿಂಗ್ ಪ್ರಮಾಣ ಹಾಗೂ ವಾಲ್ವ್ ತೆರೆಯುವ ಕ್ರಮವನ್ನು ಪಂಪ್‌ಹೌಸ್‌ನ ಗೋಡೆಯ ಮೇಲೆ ಬರೆಸುವ ವಿಷಯವನ್ನು ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಬಹುದು. ನೀರುಗಂಟಿ ಸದಸ್ಯರಿಗೇ ಮೊದಲು ಕರೆ ಮಾಡಿದಲ್ಲಿ, ಆ ಮಾಹಿತಿಯನ್ನು ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತಲುಪಿಸತಕ್ಕದ್ದು.