ಒಡವೆ, ಪಿಎಫ್, ಸಾಲ: ನಿಮ್ಮ ನಿವ್ವಳ ಆಸ್ತಿ ಎಷ್ಟು?

ಇರುವುದರ ಬೆಲೆಯಿಂದ ಕೊಡಬೇಕಾದ ಸಾಲವನ್ನು ಕಳೆದರೆ ಉಳಿಯುವುದೇ ನಿವ್ವಳ ಆಸ್ತಿ. ಲೆಕ್ಕ ಸುಲಭ; ಎಡವುವುದು ಬೆಲೆ ಕಟ್ಟುವಾಗ.

ದಾವಣಗೆರೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಈಗ ಮಾರಿದರೆ ಮನೆಗೆ 45 ಲಕ್ಷ ಬರುತ್ತದೆ, ಬ್ಯಾಂಕಿನಲ್ಲಿ 2.1 ಲಕ್ಷ ಇದೆ. 22 ಕ್ಯಾರೆಟ್ ಒಡವೆಗಳ ತೂಕ 120 ಗ್ರಾಂ. ಅದರಲ್ಲಿ ಹರಳು, ಅರಗು 10 ಗ್ರಾಂ ಕಳೆಯಬೇಕು. ಕೂಲಿ, ವೇಸ್ಟೇಜ್, ಜಿಎಸ್‌ಟಿಗೆ ಕೊಟ್ಟ ಹಣ ಮಾರುವಾಗ ವಾಪಸು ಬರುವುದಿಲ್ಲ. ಹಾಗಾಗಿ ಅಂಗಡಿಯವರು ಹಳೆ ಚಿನ್ನ ಕೊಳ್ಳುವ ದರವನ್ನೇ ಹಿಡಿಯಬೇಕು. ಗ್ರಾಂಗೆ 9,000 ಎಂದುಕೊಂಡರೆ 9.9 ಲಕ್ಷ.

ಪಿಎಫ್ ಪಾಸ್‌ಬುಕ್ಕಿನಲ್ಲಿ ಮೂರು ಕಾಲಂಗಳಿರುತ್ತವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ. ಮೊದಲೆರಡನ್ನು ಮಾತ್ರ ಕೂಡಿ. ಪಿಂಚಣಿಗೆ ಹೋದದ್ದು ಮುಂದೆ ತಿಂಗಳ ಪಿಂಚಣಿಗೆ ಹಕ್ಕು ಕೊಡುತ್ತದೆಯೇ ಹೊರತು, ಬಡ್ಡಿ ಬೆಳೆಯುವ ಠೇವಣಿಯಲ್ಲ. ಈ ಮನೆಯ ಪಿಎಫ್ 6.4 ಲಕ್ಷ. ಒಟ್ಟು 63.4 ಲಕ್ಷವಾಯಿತು.

ಇನ್ನು ಸಾಲ. ಉಳಿದಿರುವ ಎಲ್ಲ ಕಂತುಗಳನ್ನು ಕೂಡಿದರೆ ಮುಂದಿನ ಬಡ್ಡಿಯೂ ಸೇರಿಬಿಡುತ್ತದೆ. ಬ್ಯಾಂಕಿನ ಸ್ಟೇಟ್‌ಮೆಂಟ್‌ನಲ್ಲಿರುವ ಬಾಕಿ ಅಸಲನ್ನೇ ಬರೆಯಿರಿ: ಇಲ್ಲಿ ಗೃಹಸಾಲ 18.6 ಲಕ್ಷ. ಅಡವಿಟ್ಟ ಬಳೆಗಳೂ ಆಸ್ತಿಯೇ, ಅವುಗಳ ಮೇಲಿನ 1.5 ಲಕ್ಷ ಮಾತ್ರ ಸಾಲ. ಒಟ್ಟು ಸಾಲ 20.1 ಲಕ್ಷ.

ನಿವ್ವಳ ಆಸ್ತಿ 43.3 ಲಕ್ಷ. ವಾಸದ ಮನೆಯನ್ನೂ ಅದರ ಸಾಲವನ್ನೂ ಬದಿಗಿಟ್ಟರೆ ಉಳಿಯುವುದು 16.9 ಲಕ್ಷ. ಕಷ್ಟಕಾಲದಲ್ಲಿ ಕೈಗೆ ಬರುವುದು ಈ ಎರಡನೆಯ ಮೊತ್ತ, ಎರಡನ್ನೂ ಬರೆದಿಟ್ಟುಕೊಳ್ಳಿ.