200 ಟನ್ ಕಾಫಿಗೆ 14 ಲಾಟ್ ಏಕೆ?

ಕೊಡಗು, ಚಿಕ್ಕಮಗಳೂರು, ಹಾಸನದ ರೊಬಸ್ಟಾ ಕಾಫಿಗೆ ಇಂದು ಎಷ್ಟು ಬೆಲೆ ಎಂದು ಹೇಳುವ ಮುನ್ನ ವ್ಯಾಪಾರಿಗಳು ಲಂಡನ್ ಮಾರುಕಟ್ಟೆಯತ್ತ ಒಮ್ಮೆ ಕಣ್ಣುಹಾಯಿಸುತ್ತಾರೆ. ಅಲ್ಲಿನ ಐಸಿಇ ವಿನಿಮಯ ಕೇಂದ್ರದಲ್ಲಿ ರೊಬಸ್ಟಾ ಫ್ಯೂಚರ್ಸ್ ವಹಿವಾಟು ನಡೆಯುತ್ತದೆ. ಒಂದು ಲಾಟ್ ಎಂದರೆ 10 ಟನ್. ಬೆಲೆ ಟನ್ನಿಗೆ ಇಷ್ಟು ಡಾಲರ್ ಎಂದು.

ರಫ್ತು ಕಂಪನಿಯೊಂದರ ಗೋದಾಮಿನಲ್ಲಿ ಸಂಸ್ಕರಿಸಿದ 200 ಟನ್ ರೊಬಸ್ಟಾ ಇದೆ, ಇನ್ನೂ ಮಾರಾಟವಾಗಿಲ್ಲ ಎಂದುಕೊಳ್ಳೋಣ. ಬೆಲೆ ಕುಸಿದರೆ ನಷ್ಟ. ಅದನ್ನು ತಡೆಯಲು ಕಂಪನಿ ಲಂಡನ್ನಿನಲ್ಲಿ ಫ್ಯೂಚರ್ಸ್ ಮಾರಿಡುತ್ತದೆ. ಬೆಲೆ ಇಳಿದಾಗ ಗೋದಾಮಿನಲ್ಲಿ ಕಳೆದುಕೊಂಡದ್ದು ಅಲ್ಲಿ ಲಾಭವಾಗಿ ಬರುತ್ತದೆ. ಇದೇ ಹೆಡ್ಜಿಂಗ್. ಎಷ್ಟು ಲಾಟ್ ಮಾರಬೇಕು? 200 ಟನ್ನಿಗೆ 20 ಲಾಟ್ ಎನ್ನುವುದು ಮೊದಲು ತೋಚುವ ಉತ್ತರ.

ಸ್ಥಳೀಯ ಬೆಲೆ ಲಂಡನ್ ಬೆಲೆಯ ಜೊತೆ ಡಾಲರಿಗೆ ಡಾಲರ್ ಏರಿಳಿದರೆ ಮಾತ್ರ ಆ ಉತ್ತರ ಸರಿ. ಹಾಗೆ ಆಗುವುದಿಲ್ಲ. ಬೀಜದ ಗಾತ್ರ ಮತ್ತು ಗುಣಮಟ್ಟ, ಇಲ್ಲಿನ ಕೊಯ್ಲಿನ ಸಮಯ, ಹಡಗಿನ ಬಾಡಿಗೆ, ರೂಪಾಯಿಯ ವಿನಿಮಯ ದರ ಇವೆಲ್ಲ ಸ್ಥಳೀಯ ಬೆಲೆಯನ್ನು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಹಾಗಾಗಿ ಒಟ್ಟು ಏರಿಳಿತವನ್ನು ಅತ್ಯಂತ ಕಡಿಮೆ ಮಾಡುವ ಪ್ರಮಾಣ ಯಾವುದೆಂದು ಹುಡುಕಬೇಕು. ಅದೇ ಕನಿಷ್ಠ ವೇರಿಯನ್ಸ್ ಹೆಡ್ಜ್ ಅನುಪಾತ. ಫ್ಯೂಚರ್ಸ್ ಹೆಡ್ಜಿಂಗನ್ನು ಹೀಗೆ ಅಳೆಯುವ ವಿಧಾನವನ್ನು ಜನಪ್ರಿಯಗೊಳಿಸಿದ್ದು ಲೂಯಿಸ್ ಎಡರಿಂಗ್ಟನ್ 1979ರಲ್ಲಿ ಬರೆದ ಪ್ರಬಂಧ. ಸೂತ್ರ ಇಷ್ಟೇ:

h = ρ × σS / σF

σS ಎಂದರೆ ಸ್ಥಳೀಯ ಬೆಲೆಯ ಏರಿಳಿತದ ಅಳತೆ, σF ಎಂದರೆ ಫ್ಯೂಚರ್ಸ್‌ ಬೆಲೆಯದ್ದು. ಎರಡೂ ಎಷ್ಟರಮಟ್ಟಿಗೆ ಒಟ್ಟಾಗಿ ಓಡುತ್ತವೆ ಎಂಬುದನ್ನು ρ ಹೇಳುತ್ತದೆ.

ಲೆಕ್ಕಕ್ಕೆಂದು ಕೆಲವು ಅಂಕಿ ಹಿಡಿಯೋಣ. ಸ್ಥಳೀಯ ಬೆಲೆಯ ವಾರದ ಏರಿಳಿತ ಟನ್ನಿಗೆ 120 ಡಾಲರ್, ಲಂಡನ್ನಿನದು 150, ρ 0.85. ಆಗ h = 0.85 × 120 / 150 = 0.68. ಅಂದರೆ 200 ಟನ್ನಿಗೆ 136 ಟನ್ ಮಾರಬೇಕು. ಲಾಟಿನ ಲೆಕ್ಕದಲ್ಲಿ 13.6, ಅರ್ಧ ಲಾಟ್ ಸಿಗುವುದಿಲ್ಲವಾದ್ದರಿಂದ 14.

ಇದರಿಂದ ಏನು ಸಿಕ್ಕಿತು? ಹೆಡ್ಜ್ ಮಾಡದಿದ್ದರೆ ವಾರದ ಏರಿಳಿತ ಟನ್ನಿಗೆ 120 ಡಾಲರ್. 20 ಲಾಟ್ ಮಾರಿದ್ದರೆ ಅದು ಸುಮಾರು 79ಕ್ಕೆ ಇಳಿಯುತ್ತಿತ್ತು. 14 ಲಾಟಿಗೆ 63 ಆಗುತ್ತದೆ. ಇನ್ನೂ ಹೆಚ್ಚು ಮಾರಿದರೆ ರಕ್ಷಣೆ ಹೆಚ್ಚುತ್ತದೆ ಎನ್ನುವವರು ಗಮನಿಸಬೇಕಾದ್ದು ಮುಂದಿದೆ: 27 ಲಾಟ್ ಮಾರಿದರೆ ಏರಿಳಿತ ಮತ್ತೆ 119ಕ್ಕೆ ಬರುತ್ತದೆ. ಹೆಡ್ಜ್ ಮಾಡಿಯೂ ಮಾಡದಂತೆಯೇ. ಆಗ ಅಪಾಯ ಕಾಫಿಯದ್ದಲ್ಲ, ಮಾರಿಟ್ಟ ಫ್ಯೂಚರ್ಸ್‌ನದ್ದು. ಇನ್ನು ಉಳಿದ 63 ಡಾಲರನ್ನು ಎಷ್ಟು ಲಾಟ್ ಮಾರಿದರೂ ಅಳಿಸಲಾಗದು. ಅದು ಲಂಡನ್ನಿಗೆ ಸಂಬಂಧವೇ ಇಲ್ಲದ ಸ್ಥಳೀಯ ಕಾರಣಗಳ ಪಾಲು.

ಅಂಕಿಗಳನ್ನು ಹೊಂದಿಸುವಾಗ ಎರಡು ಕಡೆ ಎಡವುವುದುಂಟು. ಒಂದು, ಬೆಲೆಯನ್ನೇ ಬೆಲೆಯ ಜೊತೆ ಹೋಲಿಸುವುದು. ಎರಡೂ ಒಂದೇ ವರ್ಷದಲ್ಲಿ ಏರಿದ್ದರೆ ಸಂಬಂಧ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಹೋಲಿಸಬೇಕಾದ್ದು ಬದಲಾವಣೆಗಳನ್ನು, ಅದೂ ಎರಡನ್ನೂ ಒಂದೇ ಕರೆನ್ಸಿಗೆ ತಂದು. ಎಕ್ಸೆಲ್‌ನಲ್ಲಿ ಸ್ಥಳೀಯ ಬದಲಾವಣೆಗಳು B ಸಾಲಿನಲ್ಲಿ, ಫ್ಯೂಚರ್ಸ್‌ ಬದಲಾವಣೆಗಳು C ಸಾಲಿನಲ್ಲಿದ್ದರೆ ಇಷ್ಟು ಸಾಕು:

```
=SLOPE(B2:B105, C2:C105)
```

ಇನ್ನೊಂದು, ದಿನದ ಅಂಕಿ ಬಳಸುವುದು. ಲಂಡನ್ ವಹಿವಾಟು ಮುಗಿಯುವಾಗ ಇಲ್ಲಿ ರಾತ್ರಿ. ಅಲ್ಲಿನ ಇಂದಿನ ಏರಿಕೆ ಇಲ್ಲಿ ಕಾಣುವುದು ನಾಳೆ. ದಿನದಿನದ ಲೆಕ್ಕದಲ್ಲಿ ಸಂಬಂಧ ಸುಳ್ಳಾಗಿ ದುರ್ಬಲವಾಗಿ ಕಂಡು, h ಬೇಕಾದ್ದಕ್ಕಿಂತ ಸಣ್ಣದಾಗುತ್ತದೆ. ವಾರದ ಅಂಕಿ ಹಿಡಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಸೂತ್ರ ಹೇಳದ ಮಾತೊಂದಿದೆ: ಕೈಯಲ್ಲಿರಬೇಕಾದ ನಗದು. ವಿಯೆಟ್ನಾಂನಲ್ಲಿ ಬರದಿಂದ ಬೆಳೆ ಕುಗ್ಗಿದ್ದು ಸೇರಿದಂತೆ ಹಲವು ಕಾರಣಗಳಿಂದ 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಫ್ಯೂಚರ್ಸ್‌ ಮಾರಿದವರಿಗೆ ಇಂಥ ಏರಿಕೆ ನಷ್ಟ, ಅದನ್ನು ದಿನದಿನವೂ ಮಾರ್ಜಿನ್ ಆಗಿ ಕಟ್ಟಬೇಕು. ನಮ್ಮ 14 ಲಾಟಿಗೆ ಬೆಲೆ 300 ಡಾಲರ್ ಏರಿದರೆ ತಕ್ಷಣ 42,000 ಡಾಲರ್ ಹೊಂದಿಸಬೇಕು. ಗೋದಾಮಿನ ಕಾಫಿಯ ಬೆಲೆಯೂ ಏರಿರುತ್ತದೆ ನಿಜ, ಆದರೆ ಆ ಹಣ ಬರುವುದು ಮಾರಿದ ಮೇಲೆ. 2024ರ ಕೊನೆಗೆ ಬ್ರೆಜಿಲ್‌ನ ರಫ್ತು ಕಂಪನಿಗಳು ಸಾಲದ ಮರುಹೊಂದಾಣಿಕೆಗೆ ಕೋರ್ಟ್ ಮೆಟ್ಟಿಲೇರುವಂತಾಗಲು ಇಂಥ ಮಾರ್ಜಿನ್ ಹೊರೆಯೂ ಒಂದು ಕಾರಣ.

ಇಂಥ ಕಾಲದಲ್ಲಿ ಏರಿಳಿತವೂ ρ ಕೂಡ ಬದಲಾಗುವುದರಿಂದ ಹಳೆಯ 0.68 ನಿಲ್ಲುವುದಿಲ್ಲ. ಅದನ್ನು ಪತ್ತೆಹಚ್ಚಲು ಕಳೆದ ಎರಡು ವರ್ಷದ ಅಂಕಿಯಿಂದ ಒಮ್ಮೆ, ಕಳೆದ ಆರು ತಿಂಗಳ ಅಂಕಿಯಿಂದ ಇನ್ನೊಮ್ಮೆ h ತೆಗೆದು ಹೋಲಿಸಬಹುದು. ಎರಡರ ನಡುವೆ ಅಂತರ ದೊಡ್ಡದಿದ್ದರೆ, ಮಾರಿಟ್ಟ ಲಾಟುಗಳ ಸಂಖ್ಯೆಯನ್ನು ಮತ್ತೆ ಲೆಕ್ಕಹಾಕುವ ಹೊತ್ತು ಬಂದಿದೆ ಎಂದರ್ಥ.