ಸ್ಕ್ಯಾನ್ ಪ್ರತಿ ಹಗುರಾಗಲಿ, ಒತ್ತಕ್ಷರ ಅಳಿಯದಿರಲಿ

ಮನೆ ಸಾಲಕ್ಕೆ ಅರ್ಜಿ ಹಾಕಿದವರು ಹಳೆಯ ಕ್ರಯಪತ್ರವನ್ನು ಬ್ಯಾಂಕಿನ ವಕೀಲರಿಗೆ ಇಮೇಲ್ ಮಾಡಬೇಕಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ 32 ಪುಟಗಳನ್ನು ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ. ಫೈಲು 38 ಎಂಬಿ, ಇಮೇಲ್ ಅದನ್ನು ಒಪ್ಪುವುದಿಲ್ಲ. ಯಾವುದೋ ಉಚಿತ ವೆಬ್‌ಸೈಟಿನಲ್ಲಿ ‘ಕಂಪ್ರೆಸ್’ ಒತ್ತಿದರೆ 3 ಎಂಬಿಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ವಕೀಲರ ಫೋನ್ ಬರುತ್ತದೆ: ‘ಸರ್ವೆ ನಂಬರ್ ಓದೋಕಾಗ್ತಿಲ್ಲ ಸಾರ್, ಇನ್ನೊಂದ್ಸಲ ಕಳಿಸಿ.’

ಹೀಗೆ ಒಂದೆರಡು ಸಲ ಆದ ಮೇಲೆ, ಗಾತ್ರ ಇಳಿಸಿದರೆ ಅಕ್ಷರ ಕೆಡುವುದು ಖಂಡಿತ ಎಂದು ಜನ ನಂಬಿಬಿಡುತ್ತಾರೆ. ಆದರೆ ಅದೇ 32 ಪುಟಗಳನ್ನು 4 ಎಂಬಿಯೊಳಗೆ, ಅಕ್ಷರ ಮಸುಕಾಗದಂತೆ ತರಲು ಸಾಧ್ಯವಿದೆ. ಕೆಡುವುದು ಗಾತ್ರ ಇಳಿಸಿದ್ದರಿಂದಲ್ಲ, ಇಳಿಸಬಾರದ್ದನ್ನು ಇಳಿಸಿದ್ದರಿಂದ.

‘ಡಿಪಿಐ ಕಡಿಮೆ ಮಾಡಿದರಷ್ಟೇ ಫೈಲು ಚಿಕ್ಕದಾಗುತ್ತದೆ’

ಡಿಪಿಐ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಚುಕ್ಕೆಗಳು ಎಂಬ ಲೆಕ್ಕ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದ ಸ್ಕ್ಯಾನ್ ಆದರೆ ಪ್ರತಿ ಚುಕ್ಕೆಗೂ 24 ಬಿಟ್ ಬೇಕು. ಬರೀ ಕಪ್ಪು-ಬಿಳುಪು ಸಾಕೆಂದರೆ ಒಂದೇ ಬಿಟ್. ಡಿಪಿಐಯನ್ನು 300ರಿಂದ 150ಕ್ಕೆ ಇಳಿಸಿದರೆ ಮಾಹಿತಿ ನಾಲ್ಕನೇ ಒಂದು ಪಾಲಿಗೆ ಬರುತ್ತದೆ. ಡಿಪಿಐ ಮುಟ್ಟದೆ ಬಣ್ಣವನ್ನಷ್ಟೇ ಬಿಟ್ಟರೆ ಇಪ್ಪತ್ನಾಲ್ಕನೇ ಒಂದು ಪಾಲಿಗೆ ಬರುತ್ತದೆ.

ಕಂಪ್ರೆಸ್ ವೆಬ್‌ಸೈಟುಗಳ ಗುಂಡಿ ಸಾಮಾನ್ಯವಾಗಿ ಇದರ ತಿರುಗುಮುರುಗು ಮಾಡುತ್ತದೆ: ಬಣ್ಣ ಉಳಿಸಿಕೊಂಡು ಡಿಪಿಐ ಕತ್ತರಿಸುತ್ತದೆ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಹೆಸರಾಂತ ತಂತ್ರಾಂಶದಲ್ಲಿ `/screen` ಎಂದು ಕೊಟ್ಟರೆ ಬಣ್ಣದ ಚಿತ್ರಗಳು 72 ಡಿಪಿಐಗೆ, `/ebook` ಎಂದರೆ 150ಕ್ಕೆ ಇಳಿಯುತ್ತವೆ. ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. ಒಂದೂವರೆ ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ 300 ಡಿಪಿಐಯಲ್ಲಿ ಸುಮಾರು 18 ಚುಕ್ಕೆಗಳು ಸಿಗುತ್ತವೆ, 150ರಲ್ಲಿ 9, 72ರಲ್ಲಿ ನಾಲ್ಕೇ. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಚಿಕ್ಕ ಗೀಟಿನಿಂದ. ನಾಲ್ಕು ಚುಕ್ಕೆಗಳ ಜಾಗದಲ್ಲಿ ಆ ಗೀಟು ನಿಲ್ಲುವುದಿಲ್ಲ.

ಕುಗ್ಗಿಸುವ ವಿಧಾನದಲ್ಲೂ ವ್ಯತ್ಯಾಸವಿದೆ. ಬಣ್ಣದ ಸ್ಕ್ಯಾನ್ ಸಾಮಾನ್ಯವಾಗಿ ಜೆಪೆಗ್ ಆಗಿ ಉಳಿಯುತ್ತದೆ. ಜೆಪೆಗ್ ರೂಪುಗೊಂಡಿದ್ದು ಫೋಟೊಗಳಿಗಾಗಿ. ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಬೀಳದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಮುಖದ ಮೇಲಿನ ನೆರಳಿಗೆ ಅದು ಹೊಂದುತ್ತದೆ. ಅಕ್ಷರದ ಚೂಪು ಅಂಚಿನಲ್ಲಿ ಮಾತ್ರ ಸುತ್ತಲೂ ಬೂದು ಕಲೆಗಳೇಳುತ್ತವೆ. ಕಪ್ಪು-ಬಿಳುಪಿಗೆ ಫ್ಯಾಕ್ಸ್ ಯಂತ್ರಗಳ ಕಾಲದ ‘ಗ್ರೂಪ್ 4’ ವಿಧಾನವಿದೆ. ಅದು ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ, ಆದರೂ ಟೈಪಾದ ಪುಟ 300 ಡಿಪಿಐಯಲ್ಲಿ ಹೆಚ್ಚಾಗಿ ನೂರು ಕೆಬಿಯೊಳಗೇ ನಿಲ್ಲುತ್ತದೆ.

‘ಹಾಗಾದರೆ ಎಲ್ಲವನ್ನೂ ಕಪ್ಪು-ಬಿಳುಪು ಮಾಡಿದರಾಯಿತು’

ಇದೂ ಅಷ್ಟೇ ಅಪಾಯಕಾರಿ. ಕಪ್ಪು-ಬಿಳುಪು ಸ್ಕ್ಯಾನಿನಲ್ಲಿ ಪ್ರತಿ ಚುಕ್ಕೆಗೂ ತೀರ್ಪು ಎರಡೇ: ಮಸಿ ಅಥವಾ ಕಾಗದ. ಮಾಸಿದ ನೇರಳೆ ಮೊಹರು, ಪೆನ್ಸಿಲ್ ಟಿಪ್ಪಣಿ, ತೆಳುವಾದ ನೀಲಿ ಸಹಿ ‘ಕಾಗದ’ದ ಕಡೆಗೆ ಬಿದ್ದು ಮಾಯವಾಗಬಹುದು. ಛಾಪಾ ಕಾಗದದ ಬಣ್ಣದ ಹಿನ್ನೆಲೆ ‘ಮಸಿ’ಯ ಕಡೆಗೆ ಬಿದ್ದರೆ ಪುಟವಿಡೀ ಕರಿ ಕಾಳು ಚೆಲ್ಲಿದಂತಾಗುತ್ತದೆ. ಆಗ ಓದಲೂ ಆಗದು, ಫೈಲೂ ಉಬ್ಬುತ್ತದೆ. ಕಾಳು ಹೆಚ್ಚಿದಷ್ಟೂ ಗ್ರೂಪ್ 4 ಕುಗ್ಗಿಸುವುದು ಕಡಿಮೆ. ಸ್ಕ್ಯಾನರಿನ ಬ್ರೈಟ್‌ನೆಸ್ ಸ್ವಲ್ಪ ಏರಿಸಿದರೆ ಹಿನ್ನೆಲೆ ಬಿಡುತ್ತದೆ. ಹೆಚ್ಚು ಏರಿಸಿದರೆ ಅಕ್ಷರದ ಗೀಟುಗಳು ತುಂಡಾಗುತ್ತವೆ.

ಆದ್ದರಿಂದ ಇಡೀ ಪತ್ರಕ್ಕೆ ಒಂದೇ ಸೆಟ್ಟಿಂಗ್ ಬೇಡ. ನಮ್ಮ 32 ಪುಟಗಳನ್ನೇ ನೋಡಿ. 29 ಪುಟ ಬರೀ ಟೈಪು. ಅವನ್ನು 300 ಡಿಪಿಐ ಕಪ್ಪು-ಬಿಳುಪಿನಲ್ಲಿ ಮಾಡಿಸಿದರೆ, ಪುಟಕ್ಕೆ 70 ಕೆಬಿಯಂತೆ ಸುಮಾರು 2 ಎಂಬಿ. ಛಾಪಾ ಕಾಗದದ ಮೊದಲ ಪುಟ, ಫೋಟೊ ಮತ್ತು ಹೆಬ್ಬೆಟ್ಟಿನ ಗುರುತಿರುವ ಪುಟ, ಬಣ್ಣದ ಗಡಿಗಳಿರುವ ನಕಾಶೆ, ಈ ಮೂರನ್ನು 200 ಡಿಪಿಐ ಬಣ್ಣದಲ್ಲಿ ಮಾಡಿಸಿದರೆ ಅರ್ಧ ಎಂಬಿಯಂತೆ ಒಂದೂವರೆ ಎಂಬಿ. ಎರಡನ್ನೂ ಪುಟಗಳ ಕ್ರಮದಲ್ಲಿ ಒಂದೇ ಪಿಡಿಎಫ್‌ಗೆ ಸೇರಿಸಿದರೆ ಮೂರೂವರೆ ಎಂಬಿ. ಮೊಹರು ಮಾಸಿದ ಪುಟ ಬೇರೆಯಿದ್ದರೆ ಅದಕ್ಕೆ ಬೂದು ಛಾಯೆಯ ಗ್ರೇಸ್ಕೇಲ್ ಆರಿಸಿ. ಅಂಗಡಿಯವರಿಗೆ ಪುಟ ಬೇರ್ಪಡಿಸಿ ಹೇಳಿದರೆ ಇದು ಹತ್ತು ನಿಮಿಷದ ಕೆಲಸ. ಆಸ್ತಿಪತ್ರವನ್ನು ಗೊತ್ತಿಲ್ಲದ ವೆಬ್‌ಸೈಟಿಗೆ ಏರಿಸುವುದೂ ತಪ್ಪುತ್ತದೆ.

ಕೈಯಲ್ಲಿರುವ ಫೈಲು ಯಾಕೆ ದಪ್ಪಗಿದೆ ಎಂದು ತಿಳಿಯಲು ಲಿನಕ್ಸ್ ಬಳಸುವವರಿಗೆ ಒಂದು ಸಾಲು ಸಾಕು:

```
pdfimages -list patra.pdf
```

ಪ್ರತಿ ಪುಟದ ಚಿತ್ರಕ್ಕೂ ಒಂದು ಸಾಲು ಬರುತ್ತದೆ. `color` ಕೆಳಗೆ `rgb`, `x-ppi` ಕೆಳಗೆ 600 ಇದ್ದರೆ ಕಾರಣ ಅಲ್ಲೇ ಇದೆ. `enc` ಕೆಳಗೆ `ccitt` ಎಂದಿದ್ದರೆ ಆ ಪುಟ ಆಗಲೇ ಹಗುರವಾಗಿದೆ.

‘ಜಿಪ್ ಮಾಡಿ ಕಳಿಸಿ’

ಪ್ರಯೋಜನವಿಲ್ಲ. ಒಳಗಿನ ಜೆಪೆಗ್ ಈಗಾಗಲೇ ಕುಗ್ಗಿರುವುದರಿಂದ 38 ಎಂಬಿ ಹೆಚ್ಚುಕಡಿಮೆ 38ರಲ್ಲೇ ಉಳಿಯುತ್ತದೆ.

‘ಮಿತಿ 25 ಎಂಬಿ, ನನ್ನದು 24, ಸಾಕು’

ಜಿಮೇಲ್‌ನ ಮಿತಿ 25 ಎಂಬಿ. ಆದರೆ ಇಮೇಲಿನಲ್ಲಿ ಲಗತ್ತು ಇದ್ದಂತೆಯೇ ಸಾಗುವುದಿಲ್ಲ; ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬರೆದು ಕಳಿಸುವುದರಿಂದ ಮೂರನೇ ಒಂದರಷ್ಟು ಹಿಗ್ಗುತ್ತದೆ. 24 ಎಂಬಿಯ ಫೈಲು ದಾರಿಯಲ್ಲಿ 32 ಎಂಬಿ. ಪಡೆಯುವ ಕಚೇರಿಯ ಸರ್ವರಿಗೂ ತನ್ನದೇ ಮಿತಿ ಇರುತ್ತದೆ. ಅದು 10 ಎಂಬಿಯಾದರೆ ನಿಮ್ಮ ಫೈಲು 7ರೊಳಗಿರುವುದು ಕ್ಷೇಮ.

‘ಅಕ್ಷರ ಸ್ಪಷ್ಟವಾಗಿದ್ದರೆ ಸರಿಯಾಗಿದೆ ಎಂದರ್ಥ’

ಇದನ್ನು ಹುಸಿಮಾಡಿದ್ದು 2013ರ ಒಂದು ಘಟನೆ. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಕಟ್ಟಡದ ನಕ್ಷೆಯೊಂದನ್ನು ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಕೋಣೆಗಳ ವಿಸ್ತೀರ್ಣದ ಅಂಕಿಗಳೇ ಬದಲಾಗಿದ್ದನ್ನು ತೋರಿಸಿಕೊಟ್ಟರು. ಬೇರೆ ಪುಟಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಅಂಕಿಗಳೆಲ್ಲ ಚೊಕ್ಕವಾಗಿದ್ದವು, ಆದರೆ ತಪ್ಪಾಗಿದ್ದವು. ಜೆಬಿಗ್2 ಎಂಬ ಕುಗ್ಗಿಸುವ ವಿಧಾನ ಒಂದೇ ಥರ ಕಾಣುವ ಅಕ್ಷರಗಳನ್ನು ಗುಂಪು ಮಾಡಿ, ಒಂದರ ಚಿತ್ರವನ್ನು ಎಲ್ಲ ಕಡೆಗೂ ಅಂಟಿಸಿದ್ದೇ ಕಾರಣ. ಕಂಪನಿ ಬಳಿಕ ತಂತ್ರಾಂಶ ತಿದ್ದುಪಡಿ ಹೊರಡಿಸಿತು. ಜೆಬಿಗ್2ರಲ್ಲಿ ಏನನ್ನೂ ಕಳೆಯದ ಬಗೆಯೂ ಇದೆ, ಅದಕ್ಕೆ ಈ ದೋಷವಿಲ್ಲ. ಆಯ್ಕೆಯಲ್ಲಿ ‘ಲಾಸಿ’ ಎಂದು ಕಂಡರೆ ಮಾತ್ರ ಬಿಟ್ಟುಬಿಡಿ.

ಮಸುಕಾದ ಪುಟವನ್ನು ಓದುವವರು ವಾಪಸ್ ಕೇಳುತ್ತಾರೆ. ತಪ್ಪು ಅಂಕಿಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಕಳಿಸುವ ಮುನ್ನ ಅತಿ ಕೆಟ್ಟದಾಗಿರುವ ಪುಟವನ್ನು ತೆರೆದು 400 ಪ್ರತಿಶತ ಹಿಗ್ಗಿಸಿ, ಸರ್ವೆ ನಂಬರ್, ಚಕ್ಕುಬಂದಿ, ವಿಸ್ತೀರ್ಣ, ಮೊಬಲಗು, ನೋಂದಣಿ ಸಂಖ್ಯೆಗಳನ್ನು ಕಾಗದ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ. ತಾಳೆಯಾಗದಿದ್ದರೆ ಕುಗ್ಗಿಸಿದ ಫೈಲನ್ನೇ ಮತ್ತೆ ತಿದ್ದಲು ಹೋಗಬೇಡಿ. ಅದರಿಂದ ಕಳೆದುಹೋದ ಚುಕ್ಕೆಗಳು ಮರಳುವುದಿಲ್ಲ. ಆ ಪುಟವನ್ನಷ್ಟೇ ಕಾಗದದಿಂದ ಮತ್ತೆ ಸ್ಕ್ಯಾನ್ ಮಾಡಿಸಿ.